ಹಾಜರಿ ಪುಸ್ತಕವಲ್ಲ, ಸಾಹಿತ್ಯ ಸಮೀಕ್ಷೆ

ಪ್ರಶ್ನೆ: ಎಂ.ಎ. ಪ್ರಬಂಧಕ್ಕೆ ಸಾಹಿತ್ಯ ಸಮೀಕ್ಷೆ ಬರೆಯುವುದು ಹೇಗೆ?

ಉತ್ತರ: ವಿಷಯ ಕೆರೆ ನಿರ್ವಹಣೆ ಎಂದಿಟ್ಟುಕೊಳ್ಳೋಣ. ಬರೀ ‘ಕೆರೆ’ ಎಂದು ಹುಡುಕಿದವರು ಮುಳುಗುತ್ತಾರೆ. ‘ಊರವರು ನೋಡಿಕೊಳ್ಳುತ್ತಿದ್ದ ಕೆರೆಗಳು ಏಕೆ ಹಾಳಾದವು?’ ಎಂಬಂಥ ಪ್ರಶ್ನೆ ಮೊದಲು ಬೇಕು.

ಆಮೇಲೆ ಒಂದು ಮೂಲ ಕೃತಿ. ಸಮುದಾಯದ ಸಂಪನ್ಮೂಲಗಳ ಬಗ್ಗೆ ಎಲಿನಾರ್ ಆಸ್ಟ್ರಮ್ 1990ರಲ್ಲಿ ಪ್ರಕಟಿಸಿದ ಪುಸ್ತಕವನ್ನೇ ಹಿಡಿಯಬಹುದು. ಅದರ ಗ್ರಂಥಸೂಚಿ ಹಿಂದಕ್ಕೆ ಒಯ್ಯುತ್ತದೆ, ಗೂಗಲ್ ಸ್ಕಾಲರ್‌ನ ‘Cited by’ ಕೊಂಡಿ ಮುಂದಕ್ಕೆ. ಅಲ್ಲಿ ಸಾವಿರಾರು ಬರಹಗಳು ಕಂಡರೆ ಗಾಬರಿ ಬೇಡ. ಆ ಪಟ್ಟಿಯೊಳಗೇ ‘tank irrigation’ ಎಂದು ಮತ್ತೆ ಹುಡುಕಬಹುದು. ಹೊಸ ಲೇಖನಗಳಲ್ಲೂ ಓದಿದ ಹೆಸರುಗಳೇ ಮರಳತೊಡಗಿದರೆ ಹುಡುಕಾಟ ಸಾಕು.

ಹೆಚ್ಚಿನವರು ಎಡವುವುದು ಬರೆಯುವಾಗ. ‘ಇವರು ಹೀಗೆಂದರು, ಅವರು ಹಾಗೆಂದರು’ ಎಂದು ಪೋಣಿಸಿದರೆ ಅದು ಹಾಜರಿ ಪುಸ್ತಕ! ಬರಹಗಳನ್ನು ವಾದದ ಪ್ರಕಾರ ಗುಂಪು ಮಾಡಬೇಕು: ಕೊಳವೆಬಾವಿ ಬಂದು ಕೆರೆ ಅನಾಥವಾಯಿತು ಎನ್ನುವವರು ಒಂದೆಡೆ, ಸರ್ಕಾರ ಕೈಹಾಕಿದ್ದೇ ಕಾರಣ ಎನ್ನುವವರು ಇನ್ನೊಂದೆಡೆ. ಇಬ್ಬರೂ ಕೇಳದೆ ಬಿಟ್ಟ ಪ್ರಶ್ನೆಯೊಂದಿಗೆ ಸಮೀಕ್ಷೆ ಮುಗಿಯುತ್ತದೆ, ಪ್ರಬಂಧ ಶುರುವಾಗುತ್ತದೆ.