ವಿವರಣೆಯ ಮೊದಲ ಎರಡು ಸಾಲು

ಯೂಟ್ಯೂಬಿಗೆ ವಿಡಿಯೋ ಏರಿಸುವಾಗ ಶೀರ್ಷಿಕೆಯ ಕೆಳಗೆ ವಿವರಣೆಗೆಂದು ಒಂದು ದೊಡ್ಡ ಪೆಟ್ಟಿಗೆ ಇರುತ್ತದೆ. ಅದರಲ್ಲಿ 5000 ಅಕ್ಷರಗಳವರೆಗೆ ಬರೆಯಬಹುದು. ಆದರೆ ಕಂಪ್ಯೂಟರಿನಲ್ಲಿ ವಿಡಿಯೋ ತೆರೆದವರಿಗೆ ಮೊದಲಿಗೆ ಕಾಣುವುದು ಎರಡು ಮೂರು ಸಾಲು ಮಾತ್ರ. ಆಮೇಲೆ `...more` ಎಂಬ ಗುಂಡಿ ಬರುತ್ತದೆ, ಉಳಿದದ್ದೆಲ್ಲ ಅದರ ಹಿಂದೆ ಅಡಗಿರುತ್ತದೆ. ಫೋನಿನಲ್ಲಿ ಜಾಗ ಇನ್ನೂ ಇಕ್ಕಟ್ಟು. ಶೀರ್ಷಿಕೆ, ಎಷ್ಟು ಜನ ನೋಡಿದರು, ಯಾವಾಗ ಹಾಕಿದ್ದು ಎಂಬಷ್ಟು ಕಾಣಿಸಿ ಅಲ್ಲೇ ಗುಂಡಿ ಬಂದುಬಿಡುತ್ತದೆ.

ಹಾಗಿದ್ದರೆ ಬಹುಪಾಲು ಜನ ಫೋನಿನಲ್ಲೇ ನೋಡುವ ಕಾಲದಲ್ಲಿ ಆ ಎರಡು ಸಾಲಿಗೆ ಯಾಕಿಷ್ಟು ತಲೆ ಕೆಡಿಸಿಕೊಳ್ಳಬೇಕು? ಆ ಸಾಲುಗಳು ವಿಡಿಯೋದ ಪುಟದಲ್ಲಷ್ಟೇ ಉಳಿಯುವುದಿಲ್ಲ, ಅದೇ ಕಾರಣ. ನೀವು ವಿಡಿಯೋದ ಕೊಂಡಿಯನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಚಿತ್ರದ ಜೊತೆಗೆ ಶೀರ್ಷಿಕೆಯೂ ವಿವರಣೆಯ ಆರಂಭದ ತುಣುಕೂ ಕಾಣುತ್ತವೆ. ಗೂಗಲ್ಲಿನಲ್ಲಿ ಹುಡುಕಿದಾಗ ಶೀರ್ಷಿಕೆಯ ಅಡಿಯಲ್ಲಿ ಬರುವುದೂ ಅನೇಕ ಸಲ ಆ ತುಣುಕೇ. ಯೂಟ್ಯೂಬಿನ ಹುಡುಕಾಟದ ಪಟ್ಟಿಯಲ್ಲೂ ಕಂಪ್ಯೂಟರಿನವರಿಗೆ ವಿವರಣೆಯ ಒಂದು ತುಂಡು ಕಾಣುತ್ತದೆ. ಫೋನಿನಲ್ಲಿ ಗುಂಡಿ ಒತ್ತಿ ವಿವರಣೆ ತೆರೆದವರು ಮೊದಲು ಓದುವುದೂ ಇದನ್ನೇ. ಊರಿನ ಕುಟುಂಬದ ಗುಂಪಿಗೋ ಹೊರದೇಶದ ಕನ್ನಡ ಸಂಘದ ಗುಂಪಿಗೋ ನಿಮ್ಮ ವಿಡಿಯೋ ಹೋಗಿ ಬಿದ್ದಾಗ, ಅದನ್ನು ತೆರೆಯಬೇಕೋ ಬೇಡವೋ ಎಂಬ ನಿರ್ಧಾರಕ್ಕೆ ಅಲ್ಲಿರುವ ಆಧಾರ ಒಂದು ಚಿತ್ರ, ಒಂದು ಶೀರ್ಷಿಕೆ ಮತ್ತು ಈ ತುಣುಕು.

ಒಂದು ಉದಾಹರಣೆ ಇಟ್ಟುಕೊಂಡೇ ನೋಡೋಣ. ಜೋಳದ ರೊಟ್ಟಿ ಮಾಡುವ ಹನ್ನೆರಡು ನಿಮಿಷದ ಒಂದು ವಿಡಿಯೋ ಇದೆ ಎಂದುಕೊಳ್ಳಿ. ಅದರ ವಿವರಣೆ ಸಾಮಾನ್ಯವಾಗಿ ಹೀಗೆ ಶುರುವಾಗುತ್ತದೆ:

"ನಮಸ್ಕಾರ ಸ್ನೇಹಿತರೇ, ನಮ್ಮ ಚಾನೆಲ್‌ಗೆ ತಮಗೆಲ್ಲರಿಗೂ ಆತ್ಮೀಯ ಸ್ವಾಗತ. ಇವತ್ತಿನ ವಿಡಿಯೋದಲ್ಲಿ ನಾನು ಉತ್ತರ ಕರ್ನಾಟಕದ ಪ್ರಸಿದ್ಧವಾದ ಜೋಳದ ರೊಟ್ಟಿಯನ್ನು ಮನೆಯಲ್ಲೇ ತುಂಬಾ ಸುಲಭವಾಗಿ..."

ಇಲ್ಲಿಗೆ ಮಡಿಕೆ ಬಂತು. ಸ್ವಾಗತದ ವಾಕ್ಯಕ್ಕೇ 60 ಅಕ್ಷರ ಹೋಗಿದೆ. ವಿಡಿಯೋ ತೆರೆದವರಿಗೆ ಅದರೊಳಗೂ ಹೇಗಿದ್ದರೂ ಸ್ವಾಗತ ಸಿಗುತ್ತದೆ. ಉತ್ತರ ಕರ್ನಾಟಕ, ಪ್ರಸಿದ್ಧ, ಸುಲಭ ಎಂಬ ಮಾತುಗಳು ಜೋಳದ ರೊಟ್ಟಿಯ ಯಾವ ವಿಡಿಯೋಗೆ ಹಚ್ಚಿದರೂ ಹೊಂದುತ್ತವೆ. ಈ ವಿಡಿಯೋದಲ್ಲೇ ಇರುವ ವಿಷಯ ಏನು ಎಂಬುದು ಇನ್ನೂ ಬಂದೇ ಇಲ್ಲ.

ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು, ಅದು ನಮ್ಮ ಭಾಷೆಯ ನಡೆಗೆ ಸಂಬಂಧಿಸಿದ್ದು. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಮಾಡಿ, ಮಾಡಬೇಡಿ, ಆಗುತ್ತದೆ, ಆಗುವುದಿಲ್ಲ ಎಂಬುದೆಲ್ಲ ಕಟ್ಟಕಡೆಯಲ್ಲಿ. ಇಂಗ್ಲಿಷಿನ ವಾಕ್ಯವನ್ನು ಅರ್ಧಕ್ಕೆ ಕತ್ತರಿಸಿದರೂ ಯಾರು ಏನು ಮಾಡಿದರೆಂಬುದು ಬಹುಮಟ್ಟಿಗೆ ಉಳಿದಿರುತ್ತದೆ, ಯಾಕೆಂದರೆ ಅಲ್ಲಿ ಕ್ರಿಯಾಪದ ಮೊದಲೇ ಬಂದುಹೋಗಿರುತ್ತದೆ. ಕನ್ನಡದಲ್ಲಿ ಕತ್ತರಿಸಿದರೆ ಬಿದ್ದುಹೋಗುವುದು ಅರ್ಥದ ಭಾಗವೇ. "ಹಿಟ್ಟು ನಾದುವಾಗ ತಣ್ಣೀರನ್ನು ಹಾಕಿ ಸ್ವಲ್ಪ ಹೊತ್ತು ಮುಚ್ಚಿ..." ಎಂದು ನಿಂತುಬಿಟ್ಟರೆ ಮುಂದೆ ಇದ್ದದ್ದು "ಇಡಿ" ಎಂದೋ "ಇಟ್ಟರೆ ರೊಟ್ಟಿ ಕೆಡುತ್ತದೆ" ಎಂದೋ ಗೊತ್ತಾಗುವುದಿಲ್ಲ. ವಾಟ್ಸಾಪಿನ ತುಣುಕಿನಲ್ಲಿ ಅಷ್ಟನ್ನೇ ಓದಿದವರು ತಣ್ಣೀರು ಹಾಕಬೇಕೆಂದೇ ತಿಳಿದುಕೊಂಡಾರು. ಇಂಗ್ಲಿಷಿನಲ್ಲಿ ವಿಡಿಯೋ ಮಾಡುವವರಿಗಾಗಿ ಬರೆದ ಸಲಹೆಗಳಲ್ಲಿ ಈ ಮಾತು ಇರುವುದಿಲ್ಲ. ನಮ್ಮ ಚಾನೆಲ್ಲುಗಳವರು ಮೊದಲು ಗಮನಿಸಬೇಕಾದದ್ದು ಇದನ್ನು ಎಂದು ನನಗೆ ಅನ್ನಿಸುತ್ತದೆ.

ಇದಕ್ಕೆ ಪರಿಹಾರ, ಮೊದಲ ಎರಡು ಸಾಲಿನಲ್ಲಿ ಚಿಕ್ಕ ಚಿಕ್ಕ ವಾಕ್ಯಗಳನ್ನಿಟ್ಟು ಪ್ರತಿಯೊಂದನ್ನೂ ಅಲ್ಲಲ್ಲೇ ಮುಗಿಸುವುದು. ಆಗ ಕತ್ತರಿ ಎಲ್ಲಿ ಬಿದ್ದರೂ ಅದಕ್ಕಿಂತ ಮುಂಚೆ ಒಂದಾದರೂ ಪೂರ್ಣ ಮಾತು ಉಳಿದಿರುತ್ತದೆ. ಕತ್ತರಿ ಎಲ್ಲಿ ಬೀಳುತ್ತದೆಂದು ಮೊದಲೇ ಹೇಳಲಾಗುವುದಿಲ್ಲ, ಯಾಕೆಂದರೆ ಕತ್ತರಿಸುವ ಜಾಗ ಪರದೆಯ ಅಗಲ, ಅಕ್ಷರದ ಗಾತ್ರಗಳ ಮೇಲೆ ಬದಲಾಗುತ್ತದೆ. ನಮ್ಮ ಲಿಪಿಯ ಎಣಿಕೆಯೂ ಬೇರೆ. ಕಣ್ಣಿಗೆ ಎರಡೇ ಅಕ್ಷರವಾಗಿ ಕಾಣುವ "ರೊಟ್ಟಿ" ಕಂಪ್ಯೂಟರಿನ ಲೆಕ್ಕದಲ್ಲಿ ಆರು. ಗುಣಿತ, ಒತ್ತು ಎಲ್ಲವನ್ನೂ ಅದು ಬೇರೆ ಬೇರೆಯಾಗಿ ಎಣಿಸುತ್ತದೆ. ಹೀಗಾಗಿ ನೂರೈವತ್ತು ಅಕ್ಷರ ಸಿಗುತ್ತದೆ ಎಂದು ಎಲ್ಲೋ ಓದಿ ಅದನ್ನೇ ನೆಚ್ಚಿಕೊಂಡರೆ ಲೆಕ್ಕ ತಪ್ಪುತ್ತದೆ. ಕಂಪ್ಯೂಟರಿನ ಲೆಕ್ಕದಲ್ಲಿ ಮೊದಲ 70 ಅಕ್ಷರದೊಳಗೆ ಮುಖ್ಯ ಮಾತು ಮುಗಿದಿದ್ದರೆ ಹೆಚ್ಚಿನ ಕಡೆ ಬಚಾವು.

ಈಗ ರೊಟ್ಟಿಗೆ ಮರಳೋಣ. ಈ ವಿಡಿಯೋ ನೋಡಲು ಬರುವವರು ಯಾಕೆ ಬರುತ್ತಾರೆ? ರೊಟ್ಟಿ ಎಂದರೇನೆಂದು ತಿಳಿಯಲು ಬರುವವರು ಕಡಿಮೆ. ಬಡಿಯುವಾಗ ಅಂಚು ಒಡೆಯುತ್ತದೆ, ಹಂಚಿಗೆ ಎತ್ತಿ ಹಾಕುವಾಗ ಹರಿಯುತ್ತದೆ, ಅದಕ್ಕೆ ಬರುತ್ತಾರೆ. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಕುದಿಯುವ ಎಸರು ಬಿದ್ದಾಗ ಹಿಟ್ಟಿನ ಪಿಷ್ಟ ಬೆಂದು ಜಿಗುಟಾಗುತ್ತದೆ, ರೊಟ್ಟಿ ಹಿಡಿದು ನಿಲ್ಲುವುದು ಆ ಜಿಗುಟಿನಿಂದ. ನೀರು ಸಾಕಷ್ಟು ಕಾದಿರದಿದ್ದರೆ, ಅಥವಾ ಹಿಟ್ಟು ಬೀಸಿಸಿ ಬಹಳ ದಿನ ಆಗಿದ್ದರೆ ಆ ಜಿಗುಟು ಬರುವುದಿಲ್ಲ. ವಿಡಿಯೋದ ತಿರುಳು ಇಷ್ಟು. ಎರಡು ಸಾಲಿನಲ್ಲಿ ಬರಬೇಕಾದದ್ದೂ ಇದೇ.

"ಜೋಳದ ರೊಟ್ಟಿ ಅಂಚು ಒಡೆಯುತ್ತಿದೆಯೇ? ನೀರು ಕುದಿಯಬೇಕು, ಹಿಟ್ಟು ಹೊಸದಿರಬೇಕು.
2 ಬಟ್ಟಲು ಹಿಟ್ಟು, ಸುಮಾರು 2 ಬಟ್ಟಲು ಎಸರು, 8 ರೊಟ್ಟಿ. Jolada Rotti"

ಮೊದಲ ಸಾಲು 70 ಅಕ್ಷರದೊಳಗೇ ಮುಗಿಯುತ್ತದೆ. ಪ್ರಶ್ನೆಯ ನಂತರ ಕತ್ತರಿಸಿದರೂ ವಿಷಯ ಯಾವುದೆಂದು ಗೊತ್ತಾಗುತ್ತದೆ, ನೀರಿನ ಮಾತಿನ ನಂತರ ಕತ್ತರಿಸಿದರೆ ಅರ್ಧ ಉತ್ತರವೂ ಸಿಕ್ಕಿರುತ್ತದೆ. ಎರಡನೆಯ ಸಾಲು ಅಳತೆಗೆ. ಅಡುಗೆ ವಿಡಿಯೋವನ್ನು ಎರಡನೆಯ ಸಲ ತೆರೆಯುವವರು ಬಹುತೇಕ ಅಳತೆ ನೋಡಲೆಂದೇ ತೆರೆಯುತ್ತಾರೆ, ಹಿಟ್ಟಿನ ಕೈಯಲ್ಲಿ ಗುಂಡಿ ಒತ್ತುವ ಕಷ್ಟ ಅವರಿಗೆ ತಪ್ಪುತ್ತದೆ. ಕೊನೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹೆಸರನ್ನು ಹಾಕಿದ್ದು, ಕನ್ನಡಿಗರಲ್ಲೂ ಎಷ್ಟೋ ಜನ ಹಾಗೆಯೇ ಟೈಪು ಮಾಡಿ ಹುಡುಕುವುದರಿಂದ. ಶೀರ್ಷಿಕೆಯಲ್ಲೇ ಅದು ಇದ್ದರೆ ಇಲ್ಲಿ ಮತ್ತೆ ಬೇಕಿಲ್ಲ. ಹೆಸರನ್ನು ಹತ್ತು ಬಗೆಯಾಗಿ ಬರೆದು ಸಾಲು ತುಂಬಿಸುವುದಂತೂ ಬೇಡವೇ ಬೇಡ. ವಿವರಣೆಯಲ್ಲಿ ಹುಡುಕುಪದಗಳನ್ನು ರಾಶಿ ಹಾಕುವುದು ಯೂಟ್ಯೂಬಿನ ನಿಯಮಕ್ಕೇ ವಿರುದ್ಧ.

ಉತ್ತರವನ್ನು ಮೇಲೆಯೇ ಕೊಟ್ಟುಬಿಟ್ಟರೆ ವಿಡಿಯೋ ಯಾರು ನೋಡುತ್ತಾರೆ ಎಂಬ ಭಯ ಬಹಳ ಜನರಿಗಿದೆ. ಈ ಭಯ ರೊಟ್ಟಿಯಂಥ ವಿಷಯಕ್ಕೆ ಹೊಂದುವುದಿಲ್ಲ. ನೀರು ಕುದಿಯಬೇಕು ಎಂದು ಓದಿದ ಮಾತ್ರಕ್ಕೆ ಕೈಗೆ ಬಡಿಯಲು ಬರುವುದಿಲ್ಲ. ಅಂಗೈಯನ್ನು ಹೇಗೆ ತಿರುಗಿಸಬೇಕು, ಮೇಲೆ ನೀರು ಯಾವಾಗ ಸವರಬೇಕು ಎಂಬುದನ್ನು ಕಣ್ಣಾರೆ ನೋಡಿಯೇ ಕಲಿಯಬೇಕು. ಆದರೆ ವಿಡಿಯೋದಲ್ಲಿ ಇರುವುದು ಒಂದೇ ಒಂದು ಮಾಹಿತಿಯಾದರೆ, ಉದಾಹರಣೆಗೆ ಅರ್ಜಿ ಹಾಕುವ ಕೊನೆಯ ದಿನಾಂಕವಾದರೆ, ಅದನ್ನು ಮೇಲೆಯೇ ಹೇಳಿಬಿಡುವುದು ನೋಡುಗರಿಗೆ ನಾವು ತೋರಿಸುವ ಮರ್ಯಾದೆ. ಅದನ್ನು ಬಚ್ಚಿಟ್ಟು ಹತ್ತು ನಿಮಿಷ ಕೂರಿಸಿದವರನ್ನು ಜನ ಎರಡನೆಯ ಸಲ ನಂಬುವುದಿಲ್ಲ.

ಆ ಎರಡು ಸಾಲಿನ ಜಾಗವನ್ನು ನುಂಗುವ ವಸ್ತುಗಳು ಬೇರೆಯೂ ಇವೆ. ಮೊದಲ ಸಾಲಾದ ಮೇಲೆ ಖಾಲಿ ಸಾಲು ಬಿಟ್ಟರೆ ಆ ಖಾಲಿಯೂ ಲೆಕ್ಕಕ್ಕೆ ಸೇರುತ್ತದೆ. ಉದ್ದನೆಯ ಕೊಂಡಿ, ನಕ್ಷತ್ರ ಗೆರೆಗಳ ಅಲಂಕಾರ ಕೂಡ ಹಾಗೆಯೇ. ಹ್ಯಾಶ್‌ಟ್ಯಾಗುಗಳನ್ನು ಮೇಲೆ ಹಾಕುವ ಅಗತ್ಯವೇ ಇಲ್ಲ. ವಿವರಣೆಯ ಕೊನೆಯಲ್ಲಿ ಹಾಕಿದರೂ ಅವುಗಳಲ್ಲಿ ಮೂರರವರೆಗೆ ಯೂಟ್ಯೂಬ್ ತಾನೇ ತೆಗೆದು ಶೀರ್ಷಿಕೆಯ ಬಳಿ ತೋರಿಸಬಲ್ಲದು. ಎಲ್ಲಕ್ಕಿಂತ ಹೆಚ್ಚು ಜಾಗ ತಿನ್ನುವುದು ಒಂದೇ ಸಿದ್ಧಪಾಠ. ಯೂಟ್ಯೂಬ್ ಸ್ಟುಡಿಯೋದ ಸೆಟ್ಟಿಂಗಿನಲ್ಲಿ `Upload defaults` ಎಂಬ ಜಾಗವಿದೆ. ಅಲ್ಲಿ ಒಮ್ಮೆ ಬರೆದಿಟ್ಟದ್ದು ಪ್ರತಿ ಹೊಸ ವಿಡಿಯೋದ ವಿವರಣೆಯಲ್ಲೂ ತಾನಾಗಿ ಬಂದು ಕೂರುತ್ತದೆ. ಚಂದಾದಾರರಾಗಿ, ಫೇಸ್‌ಬುಕ್ಕಿನಲ್ಲಿ ಸೇರಿ, ಇನ್‌ಸ್ಟಾಗ್ರಾಮಿನಲ್ಲಿ ನೋಡಿ ಎಂಬ ಸಾಲುಗಳು ಅಲ್ಲಿಂದ ಬರುತ್ತವೆ. ಅವನ್ನು ಅಳಿಸಬೇಕಿಲ್ಲ, ಅವುಗಳ ಮೇಲೆ ಎರಡು ಸಾಲು ಖಾಲಿ ಬಿಟ್ಟು ಉಳಿಸಿಕೊಳ್ಳಿ. ವಿಡಿಯೋ ಏರಿಸುವಾಗ ಆ ಖಾಲಿ ಜಾಗ ತುಂಬಿಸದೆ ಮುಂದೆ ಹೋಗಬೇಡಿ.

ಒಂದು ಸಂಗತಿಯನ್ನು ಮಾತ್ರ ಮಡಿಕೆಯ ಕೆಳಗೆ ಹಾಕಲೇಬಾರದು. ಹಿಟ್ಟಿನ ಕಂಪನಿಯೊಂದು ನಿಮಗೆ ದುಡ್ಡನ್ನೋ ಹಿಟ್ಟಿನ ಚೀಲವನ್ನೋ ಕೊಟ್ಟಿದ್ದರೆ, ಅದನ್ನು ನೋಡುಗರಿಗೆ ತಿಳಿಸಬೇಕು. ಭಾರತದ ಜಾಹೀರಾತು ಮಾನದಂಡ ಮಂಡಳಿ, ಅಂದರೆ ಎಎಸ್‌ಸಿಐ, 2021ರಲ್ಲಿ ತಂದ ಮಾರ್ಗಸೂಚಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ಜಾಹೀರಾತು ಎಂಬ ಸೂಚನೆ ಎದ್ದು ಕಾಣಬೇಕು, ಗುಂಡಿ ಒತ್ತಿ ತೆರೆದರೆ ಮಾತ್ರ ಕಾಣುವ ಕಡೆ ಇರಬಾರದು. ವಿಡಿಯೋದ ಒಳಗೂ ಅದು ಇರಬೇಕು. ಯೂಟ್ಯೂಬಿನಲ್ಲಿ ಹಣ ಪಡೆದ ಪ್ರಚಾರ ಎಂದು ಗುರುತು ಹಾಕುವ ಚೌಕವಿದೆ, ಅದನ್ನು ಒತ್ತಿದರೆ ವಿಡಿಯೋದ ಆರಂಭದಲ್ಲಿ ಕೆಲವು ಕ್ಷಣ ಸೂಚನೆ ಕಾಣುತ್ತದೆ. ಅದಿದ್ದರೂ ವಿವರಣೆಯ ಮೊದಲ ಸಾಲಿನ ಮೊದಲ ಪದವಾಗಿ "ಜಾಹೀರಾತು" ಎಂದು ಹಾಕಿ. ಎಂಟು ಅಕ್ಷರದ ಖರ್ಚು, ಅದನ್ನು ಉಳಿಸಲು ಹೋಗಬಾರದು.

ಬರೆದದ್ದು ಕೆಲಸ ಮಾಡುತ್ತದೆಯೇ ಎಂದು ನೋಡಲು ಒಂದು ಸುಲಭ ದಾರಿಯಿದೆ. ವಿಡಿಯೋವನ್ನು ಮೊದಲು `Unlisted` ಎಂದು ಏರಿಸಿ. ಅದರ ಕೊಂಡಿಯನ್ನು ವಾಟ್ಸಾಪಿನಲ್ಲಿ ನಿಮಗೇ ನೀವು ಕಳಿಸಿಕೊಳ್ಳಿ. ತುಣುಕು ಎಲ್ಲಿ ನಿಂತಿದೆ ಎಂದು ನೋಡಿ, ಅಷ್ಟನ್ನೇ ಮನೆಯಲ್ಲಿ ಒಬ್ಬರಿಗೆ ಓದಿ ಹೇಳಿ, ವಿಡಿಯೋದಲ್ಲಿ ಏನಿದೆ ಎಂದು ಕೇಳಿ. ಅವರು ಹೇಳಿದ್ದು ಸರಿಯಿದ್ದರೆ ಎಲ್ಲರಿಗೂ ತೆರೆದಿಡಿ. ಇದನ್ನು ಮೊದಲೇ ಮಾಡಬೇಕು, ಯಾಕೆಂದರೆ ವಾಟ್ಸಾಪ್ ಈ ತುಣುಕನ್ನು ಕಳಿಸುವ ಹೊತ್ತಿಗೇ ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ನೀವು ವಿವರಣೆ ತಿದ್ದಿದರೂ ಆಗಲೇ ಗುಂಪುಗಳಿಗೆ ಹೋದ ಸಂದೇಶದಲ್ಲಿ ಹಳೆಯದೇ ಉಳಿಯುತ್ತದೆ.

ವಿಡಿಯೋ ಹೊರಗೆ ಬಂದ ಮೇಲೆ ಕಾಮೆಂಟುಗಳೇ ಒಳ್ಳೆಯ ಸಾಕ್ಷಿ. "ಹಿಟ್ಟು ಎಷ್ಟು ಅಕ್ಕ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದರೆ ಅಳತೆ ಮಡಿಕೆಯ ಕೆಳಗೆ ಇದೆ ಎಂದರ್ಥ. ಈ ಸಾಲುಗಳಿಂದ ಆಗದ ಕೆಲಸವೂ ಇದೆ. ಯೂಟ್ಯೂಬಿನ ಮುಖಪುಟದಲ್ಲಿ ವಿವರಣೆ ಕಾಣುವುದೇ ಇಲ್ಲ, ಅಲ್ಲಿ ಜನರನ್ನು ಕರೆಯುವುದು ಚಿತ್ರ ಮತ್ತು ಶೀರ್ಷಿಕೆ. ಹಾಗಾಗಿ ವಿವರಣೆ ತಿದ್ದಿದ ಮರುದಿನ ಒಟ್ಟು ವೀಕ್ಷಣೆ ಏರಿತೇ ಎಂದು ನೋಡುವುದು ಸರಿಯಾದ ಅಳತೆಯಲ್ಲ. ಸ್ಟುಡಿಯೋದ ಲೆಕ್ಕದಲ್ಲಿ ಹುಡುಕಾಟದಿಂದ ಬಂದವರು, ಹೊರಗಿನಿಂದ ಬಂದವರು ಎಂದು ಬೇರೆ ಬೇರೆ ಸಾಲುಗಳಿವೆ. ಅವನ್ನು ಒಂದೆರಡು ತಿಂಗಳ ಮಟ್ಟಿಗೆ ಗಮನಿಸಿ.

ಚಾನೆಲ್ಲಿನಲ್ಲಿ ಈಗಾಗಲೇ ನೂರಾರು ವಿಡಿಯೋ ಇರುವವರು ಎಲ್ಲವನ್ನೂ ಒಂದೇ ಸಲ ತಿದ್ದಲು ಕೂರಬೇಡಿ. ಹುಡುಕಾಟದಿಂದ ಈಗಲೂ ಜನ ಬರುತ್ತಿರುವ ಹಳೆಯ ವಿಡಿಯೋಗಳನ್ನು ಮೊದಲು ಆರಿಸಿಕೊಳ್ಳಿ, ಒಂದೊಂದಕ್ಕೂ ಅದರದೇ ಎರಡು ಸಾಲು ಬರೆದು ಮೇಲೆ ಸೇರಿಸಿ. ವಿವರಣೆ ತಿದ್ದಿದ್ದರಿಂದ ವಿಡಿಯೋದ ಕೊಂಡಿ ಬದಲಾಗುವುದಿಲ್ಲ, ಬಂದ ವೀಕ್ಷಣೆಗಳೂ ಕಾಮೆಂಟುಗಳೂ ಇದ್ದ ಹಾಗೆಯೇ ಇರುತ್ತವೆ.