ಎಸ್ಕ್ರಿತೂರಾ ಕೈಗೆ ಬರುವ ಮೊದಲು

ಸ್ಪೇನಿನ ದಕ್ಷಿಣ ಕರಾವಳಿಯ ಮಲಾಗ ನಗರ. ನೊತಾರಿಯೊ ಕಚೇರಿಯ ಉದ್ದನೆಯ ಮೇಜಿನ ಒಂದು ಕಡೆ ಮನೆ ಮಾರುವವರು, ಎದುರಿಗೆ ಕೊಳ್ಳುವವರು. ಪಕ್ಕದಲ್ಲಿ ಹೊಸ ಸಾಲ ಕೊಡುವ ಬ್ಯಾಂಕಿನವರೊಬ್ಬರು, ಅವರ ಆಚೆ ಮಾರುವವರ ಹಳೆಯ ಸಾಲ ವಸೂಲು ಮಾಡಿಕೊಳ್ಳಲು ಬಂದ ಇನ್ನೊಂದು ಬ್ಯಾಂಕಿನವರು. ಮಧ್ಯೆ ಕೂತ ಅಧಿಕಾರಿ ಕಾಗದವೊಂದನ್ನು ಗಟ್ಟಿಯಾಗಿ ಓದುತ್ತಾ ಹೋಗುತ್ತಾರೆ. ಚೆಕ್ಕುಗಳು ಮೇಜಿನ ಮೇಲೆ ಕೈಬದಲಾಗುತ್ತವೆ, ಸಹಿಗಳು ಬೀಳುತ್ತವೆ, ಕೊನೆಗೆ ಬೀಗದ ಕೈ. ಆ ಓದಿದ ಕಾಗದವೇ ಎಸ್ಕ್ರಿತೂರಾ, ನಮ್ಮ ಕ್ರಯಪತ್ರದ ಸ್ಪ್ಯಾನಿಷ್ ಅಣ್ಣ.

ಕೆಲಸಕ್ಕೆಂದು ಸ್ಪೇನಿಗೆ ಹೋಗಿ ನೆಲೆನಿಂತ ಕನ್ನಡಿಗರು ಮೊದಲ ಸಲ ಮನೆ ಕೊಳ್ಳಲು ಹೊರಟಾಗ ಎಡವುವುದು ಭಾಷೆಗಿಂತ ಹೆಚ್ಚಾಗಿ ಈ ಪದಗಳ ಹಿಂದಿರುವ ವ್ಯವಸ್ಥೆಯಲ್ಲಿ. ನೋಟರಿ ಎಂದರೆ ನಮಗೆ ನೆನಪಾಗುವುದು ಕೋರ್ಟಿನ ಹೊರಗೆ ಅಫಿಡವಿಟ್‌ಗೆ ಮೊಹರು ಒತ್ತಿ ಕೊಡುವ ವಕೀಲರು. ಸ್ಪೇನಿನ ನೊತಾರಿಯೊ ಹಾಗಲ್ಲ. ಕಠಿಣವಾದ ಸ್ಪರ್ಧಾತ್ಮಕ ಪರೀಕ್ಷೆ ಗೆದ್ದು ಬಂದ ಸರ್ಕಾರಿ ಅಧಿಕಾರಿ ಅವರು. ಶುಲ್ಕವೂ ಸರ್ಕಾರ ಗೊತ್ತು ಮಾಡಿದ್ದು. ಯಾವ ನೊತಾರಿಯೊ ಬಳಿ ಹೋಗಬೇಕೆಂಬ ಆಯ್ಕೆ ಕೊಳ್ಳುವವರದು. ದಲ್ಲಾಳಿಯೋ ಬ್ಯಾಂಕೋ ಹೇಳಿದ ಕಡೆಗೇ ಹೋಗಬೇಕೆಂದಿಲ್ಲ, ಆದರೆ ಹೊಸಬರು ಹೆಚ್ಚಾಗಿ ಹಾಗೇ ಹೋಗುತ್ತಾರೆ.

ಒಂದು ಲೆಕ್ಕ ಇಟ್ಟುಕೊಂಡು ನೋಡಿದರೆ ಪದಗಳು ತಾವಾಗಿ ಅರ್ಥವಾಗುತ್ತವೆ. ಮಲಾಗದಲ್ಲಿ ಉದ್ಯೋಗದಲ್ಲಿದ್ದು ಅಲ್ಲೇ ತೆರಿಗೆ ಕಟ್ಟುತ್ತಿರುವ ಒಬ್ಬರು 2,00,000 ಯೂರೊಗೆ ಹಳೆಯ ಫ್ಲ್ಯಾಟೊಂದನ್ನು ಮಾತಾಡಿದ್ದಾರೆ ಎನ್ನೋಣ. ವಿದೇಶಿಯರಿಗೆ ಕೊಡುವ ಗುರುತಿನ ಸಂಖ್ಯೆ, ಜನ ‘ನೀಏ’ ಎನ್ನುವುದು, ಅವರ ಬಳಿ ಆಗಲೇ ಇದೆ. ಅದಿಲ್ಲದೆ ಮುಂದಿನ ಯಾವ ಕೆಲಸವೂ ನಡೆಯದು.

ಮನೆ ಹಿಡಿಸಿದ ಕೂಡಲೇ ಅವರು ತೆಗೆಸಬೇಕಾದದ್ದು ‘ನೋಟಾ ಸಿಂಪ್ಲೆ’. ಆಸ್ತಿ ನೋಂದಣಿ ಕಚೇರಿಯ ಒಂದೆರಡು ಪುಟದ ಮಾಹಿತಿ ಪತ್ರ ಇದು. ಆನ್‌ಲೈನಿನಲ್ಲಿ 9 ಯೂರೊ ಚಿಲ್ಲರೆ, ಮೇಲೆ ತೆರಿಗೆ. ಅದರಲ್ಲಿ ಮನೆಯ ವಿವರ, ಮಾಲೀಕರ ಹೆಸರು, ಅವರ ಪಾಲು ಎಷ್ಟು ಎಂಬುದು ಇರುತ್ತದೆ. ಕೆಳಗೆ ‘ಕಾರ್ಗಾಸ್’ ಎಂಬ ಭಾಗ, ಅಕ್ಷರಶಃ ಹೊರೆಗಳು. ನಮ್ಮಲ್ಲಿ ಇ.ಸಿ. ತೆಗೆಸಿ ನೋಡುವುದು ಯಾವುದಕ್ಕೋ ಅದೇ ಇಲ್ಲಿ ಕಾಣುತ್ತದೆ. ಅಡಮಾನ ಇದ್ದರೆ ‘ಇಪೊತೇಕಾ’, ಕೋರ್ಟ್ ಜಪ್ತಿ ಇದ್ದರೆ ‘ಎಂಬಾರ್ಗೊ’, ಯಾರಿಗಾದರೂ ಜೀವನಪರ್ಯಂತ ವಾಸದ ಹಕ್ಕಿದ್ದರೆ ‘ಉಸುಫ್ರುಕ್ತೊ’. ಈ ಮೂರನೆಯದು ಸ್ಪೇನಿನಲ್ಲಿ ಅಪರೂಪವಲ್ಲ. ತಂದೆ ತೀರಿಕೊಂಡ ಮೇಲೆ ಮನೆ ಮಕ್ಕಳ ಹೆಸರಿಗೆ ಬಂದರೂ ವಾಸದ ಹಕ್ಕು ತಾಯಿಯದೇ ಆಗಿ ಉಳಿದಿರಬಹುದು. ಆ ತಾಯಿ ಸಹಿ ಹಾಕದಿದ್ದರೆ ಕೊಂಡವರು ಮನೆಯ ಒಡೆಯರಾಗುತ್ತಾರೆ, ವಾಸ ಮಾತ್ರ ಆಕೆಯದೇ.

ಗೊಂದಲ ಹುಟ್ಟಿಸುವ ಇನ್ನೊಂದು ದಾಖಲೆ ‘ಕತಾಸ್ತ್ರೊ’. ಇದು ತೆರಿಗೆಗಾಗಿ ಇಟ್ಟ ಆಸ್ತಿಗಳ ಪಟ್ಟಿ, ಹೆಚ್ಚೂಕಡಿಮೆ ನಮ್ಮ ಖಾತೆಯ ಹಾಗೆ. ಪ್ರತಿ ಆಸ್ತಿಗೂ 20 ಅಕ್ಷರ-ಅಂಕಿಗಳ ಸಂಖ್ಯೆ ಇರುತ್ತದೆ. ಖಾತೆ ಹೇಗೆ ಒಡೆತನಕ್ಕೆ ಪೂರ್ತಿ ಪುರಾವೆಯಲ್ಲವೋ ಕತಾಸ್ತ್ರೊ ಕೂಡ ಅಲ್ಲ. ಆದರೆ ಎರಡನ್ನೂ ಎದುರುಬದುರು ಇಟ್ಟು ನೋಡುವುದು ಒಳ್ಳೆಯದು. ನೋಂದಣಿಯಲ್ಲಿ 70 ಚದರ ಮೀಟರ್, ಕತಾಸ್ತ್ರೊದಲ್ಲಿ 95 ಎಂದಿದ್ದರೆ ಯಾರೋ ಮಹಡಿ ಮೇಲೆ ಕೋಣೆ ಎಬ್ಬಿಸಿದ್ದಾರೆ, ಅದಕ್ಕೆ ಪರವಾನಗಿ ಇತ್ತೇ ಎಂದು ಕೇಳಬೇಕಾಗುತ್ತದೆ.

ಪರವಾನಗಿಯ ಮಾತು ಸುಮ್ಮನೆ ಬಂದದ್ದಲ್ಲ. 2008ರ ಜನವರಿಯಲ್ಲಿ ಅಲ್ಮೇರಿಯಾ ಪ್ರಾಂತದ ವೆರಾ ಎಂಬ ಊರಿನಲ್ಲಿ ನಿವೃತ್ತ ಬ್ರಿಟಿಷ್ ದಂಪತಿಯೊಬ್ಬರ ಮನೆಯನ್ನು ಬುಲ್ಡೋಜರ್ ತಂದು ಕೆಡವಲಾಯಿತು. ಸ್ಥಳೀಯ ಪುರಸಭೆಯ ಅನುಮತಿ ಪಡೆದೇ ಕಟ್ಟಿದ ಮನೆ ಅದು. ಆ ಅನುಮತಿ ಕೊಟ್ಟದ್ದೇ ಕಾನೂನಿಗೆ ವಿರುದ್ಧ ಎಂಬುದು ಆಂದಲೂಸಿಯಾ ಪ್ರಾದೇಶಿಕ ಸರ್ಕಾರದ ವಾದವಾಗಿತ್ತು. ನೊತಾರಿಯೊ ಹಣ ಮತ್ತು ಒಡೆತನದ ದಾಖಲೆ ನೋಡುತ್ತಾರೆ, ಮನೆಯನ್ನು ಹೋಗಿ ನೋಡುವುದಿಲ್ಲ. ಈಜುಕೊಳ, ಮುಚ್ಚಿದ ಬಾಲ್ಕನಿ, ಹೊಲದ ನಡುವಿನ ಬಂಗಲೆ ಇವುಗಳ ಕಥೆ ತಿಳಿಯಲು ಕೊಳ್ಳುವವರೇ ಒಬ್ಬ ಸ್ವತಂತ್ರ ವಕೀಲರನ್ನು ಇಟ್ಟುಕೊಂಡು ಪುರಸಭೆಯಲ್ಲಿ ವಿಚಾರಿಸಬೇಕು.

ಈಗ ಮುಂಗಡ. ‘ಅರ್ರಾಸ್’ ಎಂದರೆ ಮಾತು ಗಟ್ಟಿಯಾಯಿತೆಂದು ಕೊಡುವ ಹಣ. ಸ್ಪ್ಯಾನಿಷ್ ಮದುವೆಯಲ್ಲಿ ವರ ವಧುವಿನ ಕೈಗೆ ಸುರಿಯುವ 13 ನಾಣ್ಯಗಳಿಗೂ ಇದೇ ಹೆಸರು. ಮನೆ ವ್ಯವಹಾರದಲ್ಲಿ ಸಾಮಾನ್ಯವಾಗಿ ಬೆಲೆಯ ಶೇ. 10, ಅಂದರೆ ನಮ್ಮ ಲೆಕ್ಕದಲ್ಲಿ 20,000 ಯೂರೊ. ಒಪ್ಪಂದದಲ್ಲಿ ‘ಪೆನಿತೆನ್ಸಿಯಾಲೆಸ್’ ಎಂಬ ಪದವೂ ಸಿವಿಲ್ ಸಂಹಿತೆಯ 1454ನೇ ವಿಧಿಯ ಉಲ್ಲೇಖವೂ ಇದ್ದರೆ ಲೆಕ್ಕ ಸರಳ: ಕೊಳ್ಳುವವರು ಹಿಂದೆ ಸರಿದರೆ ಕೊಟ್ಟದ್ದು ಹೋಯಿತು, ಮಾರುವವರು ಹಿಂದೆ ಸರಿದರೆ ದುಪ್ಪಟ್ಟು, ಅಂದರೆ 40,000, ಮರಳಿಸಬೇಕು. ಆ ಪದ ಇಲ್ಲದಿದ್ದರೆ ಅದೇ ಹಣವನ್ನು ಬರೀ ಬೆಲೆಯ ಮೊದಲ ಕಂತು ಎಂದು ಕೋರ್ಟ್ ಓದಬಹುದು. ಆಗ ಹಣ ಬಿಟ್ಟು ಹೊರಬರುವ ದಾರಿಯೂ ಮುಚ್ಚುತ್ತದೆ; ಮನೆ ಕೊಂಡೇ ತೀರಬೇಕೆಂದು ಮಾರುವವರು ಪಟ್ಟು ಹಿಡಿಯಬಹುದು.

ಹೊಸಬರಿಗೆ ಏಟು ಬೀಳುವುದು ಬಹುಮಟ್ಟಿಗೆ ಇಲ್ಲಿಂದ ಮುಂದೆ.

‘ಇಪೊತೇಕಾ’ ಎಂದು ಬರೆಯುವಾಗ ಮೊದಲಲ್ಲಿ ಎಚ್ ಇರುತ್ತದೆ, ಬಾಯಲ್ಲಿ ಇರುವುದಿಲ್ಲ. ಗ್ರೀಕ್ ಮೂಲದ ಈ ಪದದ ಬೇರು ‘ಕೆಳಗೆ ಇಟ್ಟದ್ದು’ ಎಂಬುದು, ಅಂದರೆ ಸಾಲದ ಕೆಳಗೆ ಮನೆಯನ್ನು ಇಟ್ಟದ್ದು. ಸ್ಪೇನಿನ ನಿವಾಸಿಗೆ ಬ್ಯಾಂಕುಗಳು ಸಾಮಾನ್ಯವಾಗಿ ಶೇ. 80ರವರೆಗೆ ಕೊಡುತ್ತವೆ, ಹೊರದೇಶದಲ್ಲಿ ಕೂತು ಕೊಳ್ಳುವವರಿಗೆ 60-70. ಆದರೆ ಯಾವುದರ ಶೇ. 80? ಮಾತಾಡಿದ ಬೆಲೆ ಮತ್ತು ‘ತಸಾಸಿಯೋನ್’ ಅಂದರೆ ಅಧಿಕೃತ ಮೌಲ್ಯಮಾಪನ, ಇವೆರಡರಲ್ಲಿ ಯಾವುದು ಕಡಿಮೆಯೋ ಅದರದ್ದು. ನಮ್ಮ ಫ್ಲ್ಯಾಟಿನ ಮೌಲ್ಯ 1,85,000 ಎಂದು ಬಂತೆನ್ನಿ. ಆಗ ಸಾಲ 1,60,000 ಅಲ್ಲ, 1,48,000. ಕೈಯಿಂದ ಹಾಕಬೇಕಾದದ್ದು ದಿಢೀರನೆ 12,000 ಹೆಚ್ಚಾಯಿತು. ಆ ಹೊತ್ತಿಗೆ 20,000 ಮುಂಗಡ ಕೊಟ್ಟಾಗಿದೆ. ಹಣ ಹೊಂದಿಸಲಾಗದಿದ್ದರೆ ಆ ಮುಂಗಡಕ್ಕೆ ಎಳ್ಳುನೀರು. ಆದ್ದರಿಂದ ಬಲ್ಲವರು ಒಪ್ಪಂದದಲ್ಲಿ ಒಂದು ಸಾಲು ಬರೆಸುತ್ತಾರೆ: ಬ್ಯಾಂಕ್ ಇಷ್ಟು ಸಾಲ ಮಂಜೂರು ಮಾಡದಿದ್ದರೆ ಮುಂಗಡ ವಾಪಸ್. ಮಾರುವವರು ಒಪ್ಪದೆಯೂ ಇರಬಹುದು. ಆಗ ಮೊದಲು ಮೌಲ್ಯಮಾಪನ, ಆಮೇಲೆ ಮುಂಗಡ. ಮೌಲ್ಯಮಾಪನದ ಖರ್ಚು ಕೆಲವು ನೂರು ಯೂರೊ, ವರದಿ ಆರು ತಿಂಗಳು ಚಾಲ್ತಿಯಲ್ಲಿರುತ್ತದೆ.

ಸಾಲದ ಶರತ್ತುಗಳ ವಿಷಯದಲ್ಲಿ 2019ರ ಕಾನೂನು ಸಾಲಗಾರರ ಪರವಾಗಿದೆ. ಬಡ್ಡಿ, ಕಂತು, ದಂಡ ಎಲ್ಲವನ್ನೂ ಬರೆದ ‘ಫೇಯ್ನ್’ ಎಂಬ ನಮೂನೆಯನ್ನು ಸಹಿಗೆ ಕನಿಷ್ಠ ಹತ್ತು ದಿನ ಮೊದಲೇ ಬ್ಯಾಂಕ್ ಕೊಡಬೇಕು, ಕ್ಯಾಟಲೋನಿಯಾದಲ್ಲಿ ಹದಿನಾಲ್ಕು. ಆ ಅವಧಿಯೊಳಗೆ ಸಾಲಗಾರ ಒಂಟಿಯಾಗಿ ನೊತಾರಿಯೊ ಬಳಿ ಹೋಗಬೇಕು. ಬ್ಯಾಂಕಿನವರು ಆ ಕೋಣೆಯಲ್ಲಿ ಇರುವುದಿಲ್ಲ, ಶುಲ್ಕವೂ ಇಲ್ಲ. ಅರ್ಥವಾಗಿದೆಯೇ ಎಂದು ನೊತಾರಿಯೊ ಪ್ರಶ್ನೆ ಕೇಳಿ ದಾಖಲಿಸುತ್ತಾರೆ. ಇದು ಸಹಿಯ ಹಿಂದಿನ ದಿನದೊಳಗೆ ಮುಗಿಯದಿದ್ದರೆ ಸಾಲಪತ್ರಕ್ಕೆ ಸಹಿ ಬೀಳುವಂತಿಲ್ಲ. ಎಷ್ಟೋ ಜನ ಇದನ್ನು ಶಾಸ್ತ್ರಕ್ಕೆಂದು ಮುಗಿಸುತ್ತಾರೆ. ಪುಕ್ಕಟೆಯಾಗಿ ಸಿಗುವ ಕಾನೂನು ಪಾಠ ಅದು, ಅನುಮಾನಗಳನ್ನೆಲ್ಲ ಅಲ್ಲೇ ಕೇಳಿಬಿಡುವುದು ಜಾಣತನ.

ಕೇಳಬೇಕಾದ ಮುಖ್ಯ ಪ್ರಶ್ನೆ ಒಂದಿದೆ: ಕಂತು ಕಟ್ಟಲಾಗದೆ ಮನೆ ಬ್ಯಾಂಕಿಗೆ ಹೋದರೆ ಸಾಲ ತೀರುತ್ತದೆಯೇ? ಸಾಮಾನ್ಯವಾಗಿ ಇಲ್ಲ. ಸ್ಪೇನಿನಲ್ಲಿ ಸಾಲಗಾರ ತನ್ನ ಈಗಿನ ಮತ್ತು ಮುಂದಿನ ಎಲ್ಲ ಆಸ್ತಿಯಿಂದಲೂ ಹೊಣೆ. ಮನೆ ಮಾರಿ ಬಂದದ್ದು ಸಾಲಕ್ಕೆ ಸಾಲದಿದ್ದರೆ ಉಳಿದದ್ದು ಸಂಬಳದ ಬೆನ್ನು ಹತ್ತುತ್ತದೆ. 2008ರ ಕುಸಿತದಲ್ಲಿ ಮನೆಯನ್ನೂ ಕಳೆದುಕೊಂಡು ಸಾಲವನ್ನೂ ಹೊತ್ತವರ ಸಿಟ್ಟಿನಿಂದಲೇ 2009ರಲ್ಲಿ ಬಾರ್ಸಿಲೋನಾದಲ್ಲಿ ‘ಪಾ’ ಎಂದು ಹೆಸರಾದ ಸಾಲಗಾರರ ಚಳವಳಿ ಹುಟ್ಟಿತು.

ಇನ್ನು ಸಹಿಯ ದಿನ. ಮುಂಗಡ ಕಳೆದು ಕೊಡಬೇಕಾದದ್ದು 1,80,000. ಬ್ಯಾಂಕ್ ಸಾಲ 1,48,000, ಕೈಯಿಂದ 32,000. ನೋಟಾ ಸಿಂಪ್ಲೆಯಲ್ಲಿ ಮಾರುವವರ ಹಳೆಯ ಇಪೊತೇಕಾ ಕಂಡಿತ್ತು. ಅದರಲ್ಲಿ 62,000 ಬಾಕಿ. ಹಾಗಾಗಿ ಎರಡು ಬ್ಯಾಂಕ್ ಚೆಕ್ಕು: ಹಳೆಯ ಬ್ಯಾಂಕಿಗೆ 62,000, ಮಾರುವವರಿಗೆ 1,18,000. ಹಳೆಯ ಬ್ಯಾಂಕಿನವರು ಮೇಜಿನ ಬಳಿ ಕೂತಿದ್ದು ಇದಕ್ಕೇ. ಅಡಮಾನ ಮನೆಗೆ ಅಂಟಿರುತ್ತದೆ, ಮನುಷ್ಯನಿಗಲ್ಲ. ಅದನ್ನು ತೀರಿಸದೆ ಮನೆ ಕೊಂಡರೆ ಹೊರೆ ಮನೆಯ ಜೊತೆಗೇ ಬರುತ್ತದೆ. ಹಣ ಕಟ್ಟಿದ ಮಾತ್ರಕ್ಕೂ ದಾಖಲೆಯಿಂದ ಅಳಿಯುವುದಿಲ್ಲ, ರದ್ದತಿಗೆ ಬೇರೆಯೇ ಎಸ್ಕ್ರಿತೂರಾ ಆಗಬೇಕು. ಅದರ ಖರ್ಚು ಮಾರುವವರದು. ಆ ಮೊತ್ತವನ್ನು ಅಂದೇ ಹಿಡಿದಿಟ್ಟುಕೊಳ್ಳುವುದು ರೂಢಿ. ವಸತಿ ಸಂಘದ ಬಾಕಿ ಇಲ್ಲವೆಂಬ ಪತ್ರವನ್ನೂ ಆಗಲೇ ಕೇಳಬೇಕು, ಇಲ್ಲವಾದರೆ ಈ ವರ್ಷದ ಮತ್ತು ಹಿಂದಿನ ಮೂರು ವರ್ಷಗಳ ಬಾಕಿಗೆ ಮನೆಯೇ ಹೊಣೆ.

ಬೆಲೆಯ ಹೊರಗೆ ವರ್ಗಾವಣೆ ತೆರಿಗೆ ಇದೆ. ಪ್ರದೇಶದಿಂದ ಪ್ರದೇಶಕ್ಕೆ ಬೇರೆ. ಆಂದಲೂಸಿಯಾದಲ್ಲಿ ಹಳೆಯ ಮನೆಗೆ ಸಾಮಾನ್ಯ ದರ ಶೇ. 7, ಇಲ್ಲಿ 14,000. ಬೆಲೆ ಕಡಿಮೆ ಬರೆಸಿ ಉಳಿದದ್ದನ್ನು ಲಕೋಟೆಯಲ್ಲಿ ಕೊಡುವ ಚಾಳಿ ಅಲ್ಲೂ ಇತ್ತು. 2022ರಿಂದ ಕತಾಸ್ತ್ರೊ ಗೊತ್ತುಮಾಡಿದ ಉಲ್ಲೇಖ ಮೌಲ್ಯ ಬರೆಸಿದ ಬೆಲೆಗಿಂತ ಹೆಚ್ಚಿದ್ದರೆ ತೆರಿಗೆ ಅದರ ಮೇಲೇ ಬೀಳುತ್ತದೆ. ಅಲ್ಲಿಗೆ ಆ ಆಟದ ಲಾಭ ಬಹಳಷ್ಟು ಮುಗಿಯಿತು.

ಎಸ್ಕ್ರಿತೂರಾ ಕೈಗೆ ಬಂತೆಂದು ಕೆಲಸ ಮುಗಿಯಲಿಲ್ಲ. ನಮ್ಮಲ್ಲಿ ಸಬ್‌ರಿಜಿಸ್ಟ್ರಾರ್ ಎದುರಿಗೇ ಕ್ರಯಪತ್ರ ನೋಂದಣಿಯಾಗುತ್ತದೆ. ಅಲ್ಲಿ ಸಹಿ ಒಂದು ಕಡೆ, ನೋಂದಣಿ ಇನ್ನೊಂದು ಕಡೆ. ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸದಿದ್ದರೆ ಮಾರಿದವರ ಸಾಲಗಾರರು ಅದೇ ಮನೆಯ ಮೇಲೆ ಜಪ್ತಿ ದಾಖಲಿಸಬಹುದು. ನೊತಾರಿಯೊ ಸಹಿಯಾದ ದಿನವೇ ಪ್ರತಿಯನ್ನು ಕಂಪ್ಯೂಟರಿನಲ್ಲಿ ಕಳಿಸಿ ಸರದಿ ಹಿಡಿದುಕೊಳ್ಳುತ್ತಾರೆ, ತೆರಿಗೆ ಕಟ್ಟಿದ ಮೇಲೆ ಹೆಸರು ಏರುತ್ತದೆ. ಏರಿದೆಯೇ ಎಂದು ನೋಡಲು ಮತ್ತೊಂದು 9 ಯೂರೊ ಕೊಟ್ಟು ಹೊಸ ನೋಟಾ ಸಿಂಪ್ಲೆ ತೆಗೆಸಿ. ಮಾಲೀಕರ ಜಾಗದಲ್ಲಿ ಕೊಂಡವರ ಹೆಸರು, ಕೆಳಗೆ ಕಾರ್ಗಾಸ್‌ನಲ್ಲಿ ಹಳೆಯ ಇಪೊತೇಕಾ ಅಳಿದು ಅವರದೇ ಹೊಸ ಇಪೊತೇಕಾ ಇದ್ದರೆ ಎಲ್ಲ ಸರಿಯಾಗಿದೆ ಎಂದರ್ಥ.