ನಡುಮನೆಯ ಒಂದೇ ದೀಪದಲ್ಲಿ ಶೂಟಿಂಗ್

ರಾತ್ರಿ ಮನೆಯೊಳಗೆ ತೆಗೆದ ವಿಡಿಯೊ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ಅದನ್ನೇ ಟಿವಿಗೆ ಹಾಕಿದರೆ ಗೋಡೆಯ ನೆರಳಿನಲ್ಲಿ, ಕಪ್ಪು ಕೂದಲಿನಲ್ಲಿ ಬಣ್ಣಬಣ್ಣದ ಚುಕ್ಕೆಗಳು ಹರಿದಾಡುತ್ತಿರುತ್ತವೆ. ನಾಯ್ಸ್ ಅನ್ನುವುದು ಇದಕ್ಕೇ. ಐಎಸ್‌ಒ ಏರಿಸಿದ್ದರಿಂದ ಹೀಗಾಯಿತು ಎಂದು ಬಹಳ ಜನ ನಂಬಿದ್ದಾರೆ. ಆದರೆ ಮೂಲ ಕಾರಣ ಸೆನ್ಸರ್‌ಗೆ ಬೆಳಕು ಸಾಲದೆ ಹೋದದ್ದು. ತುಂತುರು ಮಳೆಯಲ್ಲಿ ಅಂಗಳದಲ್ಲಿಟ್ಟ ಎರಡು ಬಟ್ಟಲುಗಳ ಪೈಕಿ ಒಂದಕ್ಕೆ ಐದು ಹನಿ, ಇನ್ನೊಂದಕ್ಕೆ ಒಂಬತ್ತು ಹನಿ ಬೀಳಬಹುದು. ಜೋರು ಮಳೆಯಲ್ಲಿ ಎರಡೂ ಹೆಚ್ಚುಕಡಿಮೆ ಸಮನಾಗಿ ತುಂಬುತ್ತವೆ. ಪಿಕ್ಸೆಲ್‌ಗಳ ಮೇಲೆ ಬೀಳುವ ಬೆಳಕಿನದೂ ಇದೇ ಲೆಕ್ಕ. ಐಎಸ್‌ಒ ಆ ಏರುಪೇರನ್ನು ಹಿಗ್ಗಿಸಿ ತೋರಿಸುತ್ತದೆ, ಅಷ್ಟೆ.

ಹಾಗಾಗಿ ಮೊದಲು ನೋಡಬೇಕಾದದ್ದು ಲೆನ್ಸ್. ಅಜ್ಜಿಯೊಬ್ಬರು ರಾತ್ರಿ ನಡುಮನೆಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಕ್ಯಾಮೆರಾ ಜೊತೆಗೆ ಬರುವ 18-55 ಲೆನ್ಸನ್ನು ಪೂರ್ತಿ ಜೂಮ್ ಮಾಡಿದರೆ ಅದು ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಶಟರ್ 1/50. ಮುಖ ಸರಿಯಾಗಿ ಕಾಣಬೇಕಾದರೆ ಐಎಸ್‌ಒ 12800ಕ್ಕೆ ಏರುತ್ತದೆ. ಲೆನ್ಸ್ ಬದಲಿಸಿ 50 ಎಂಎಂ ಎಫ್ 1.8 ಹಾಕಿ, ಎಫ್ 2ಕ್ಕೆ ಇಡಿ. ಎಂಟು ಪಟ್ಟು ಬೆಳಕು ಒಳಗೆ ಬರುತ್ತದೆ. ಐಎಸ್‌ಒ 1600ಕ್ಕೆ ಇಳಿಯುತ್ತದೆ. ಹಲವು ಕಂಪನಿಗಳ ಲೆನ್ಸ್ ಸಾಲಿನಲ್ಲಿ ಅಗ್ಗದ್ದು ಎನಿಸಿಕೊಂಡಿರುವ ಲೆನ್ಸ್ ಮಾಡುವ ಕೆಲಸ ಇದು.

ಇದಕ್ಕೆ ಬೆಲೆಯೂ ಇದೆ. ಸಾಮಾನ್ಯ ಎಪಿಎಸ್-ಸಿ ಕ್ಯಾಮೆರಾದಲ್ಲಿ ಆರು ಅಡಿ ದೂರದಿಂದ ಎಫ್ 2ರಲ್ಲಿ ತೆಗೆದರೆ ಫೋಕಸ್ ನಿಲ್ಲುವ ಆಳ ಸುಮಾರು ನಾಲ್ಕು ಇಂಚು. ಅಜ್ಜಿಯ ಕಣ್ಣು ಸ್ಪಷ್ಟವಾಗಿದ್ದರೆ ಹೂ ಕಟ್ಟುವ ಬೆರಳು ಮಸುಕಾಗಿರುತ್ತದೆ. ಎರಡನ್ನೂ ಒಂದೇ ಶಾಟ್‌ನಲ್ಲಿ ಹಿಡಿಯಲು ಒದ್ದಾಡುವ ಬದಲು ಬೆರಳುಗಳ ಶಾಟ್ ಬೇರೆಯಾಗಿ ತೆಗೆಯುವುದು ಜಾಣತನ. ಸ್ಟ್ಯಾನ್ಲಿ ಕುಬ್ರಿಕ್ 1975ರ ‘ಬ್ಯಾರಿ ಲಿಂಡನ್’ ಚಿತ್ರದ ಮೇಣದಬತ್ತಿ ದೃಶ್ಯಗಳಿಗೆ ನಾಸಾಗಾಗಿ ತಯಾರಾಗಿದ್ದ ಝೈಸ್‌ನ 50 ಎಂಎಂ ಎಫ್ 0.7 ಲೆನ್ಸ್ ಬಳಸಿದರು. ಅಲ್ಲಿ ಫೋಕಸ್ ಎಷ್ಟು ತೆಳುವಾಗಿತ್ತೆಂದರೆ ನಟರು ಹಿಂದೆ ಮುಂದೆ ಅಲುಗದೆ ಕೂರಬೇಕಾಯಿತು. ಅಂಥ ಲೆನ್ಸ್ ಇದ್ದೂ ಛಾಯಾಗ್ರಾಹಕ ಜಾನ್ ಆಲ್ಕಾಟ್ ಮೇಣದಬತ್ತಿಗಳನ್ನು ರಾಶಿರಾಶಿ ಹಚ್ಚಿಸಿದರು. ಈ ವಿವರ ನನಗೆ ಲೆನ್ಸಿಗಿಂತ ಮುಖ್ಯವಾಗಿ ಕಾಣುತ್ತದೆ.

ನಮ್ಮ ನಡುಮನೆಗೂ ದೀಪವನ್ನೇ ತರೋಣ. ಫ್ರೇಮಿನೊಳಗೆ ಕಾಣುತ್ತಲೇ ಬೆಳಕು ಕೊಡುವ ದೀಪಕ್ಕೆ ಸಿನಿಮಾದವರು ಪ್ರಾಕ್ಟಿಕಲ್ ಅನ್ನುತ್ತಾರೆ. ಮೇಲಿನ ಟ್ಯೂಬ್‌ಲೈಟ್ ಆರಿಸಿ. ಅದರ ಬಿಳಿ ಬೆಳಕು ಹಳದಿ ಬಲ್ಬಿನೊಂದಿಗೆ ಸೇರಿ ಮುಖದ ಬಣ್ಣ ಕೆಡಿಸುತ್ತದೆ. ಅಜ್ಜಿಯ ಪಕ್ಕದ ಸ್ಟೂಲಿನ ಮೇಲೆ ಟೇಬಲ್ ಲ್ಯಾಂಪ್ ಇಡಿ. ಲ್ಯಾಂಪ್ ನಾಲ್ಕು ಅಡಿಯಿಂದ ಎರಡು ಅಡಿಗೆ ಹತ್ತಿರ ಬಂದರೆ ಅದರ ಬೆಳಕು ಮುಖದ ಮೇಲೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಮೊದಲಿಗಿಂತ ನಾಲ್ಕು ಪಟ್ಟು ಬೆಳಕು ಮುಖಕ್ಕೆ ಸಿಕ್ಕರೆ ಅರ್ಧ ಲಾಭವನ್ನು ಫೋಕಸ್‌ಗೆ ಕೊಟ್ಟು ಎಫ್ 2.8ಕ್ಕೆ ಹೋಗಬಹುದು, ಉಳಿದರ್ಧದಲ್ಲಿ ಐಎಸ್‌ಒ 800ಕ್ಕೆ ಇಳಿಸಬಹುದು.

ಆಗ ಲ್ಯಾಂಪಿನ ಶೇಡ್ ಬೆಳ್ಳಗೆ ಸುಟ್ಟುಹೋಗಬಹುದು. ಕ್ಯಾಮೆರಾ ಕಡೆಯ ಮಗ್ಗುಲಿಗೆ, ಬಲ್ಬಿಗೆ ತಾಗದಂತೆ, ಒಳಗಿನಿಂದ ಒಂದೆರಡು ಪದರ ಕಾಗದ ಅಂಟಿಸಿದರೆ ಶೇಡ್ ಮಂದವಾಗುತ್ತದೆ, ಮುಖದ ಮೇಲಿನ ಬೆಳಕು ಹಾಗೇ ಇರುತ್ತದೆ. ಬಿಸಿಯಾಗುವ ಹಳೆಯ ಬಲ್ಬಿನಲ್ಲಿ ಮಾತ್ರ ಇದು ಬೇಡ, ಎಲ್‌ಇಡಿಯೇ ಇರಲಿ. ಅದರಲ್ಲೂ ಒಂದು ಪರೀಕ್ಷೆ ಬೇಕು. ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ದೀಪ ಸೆಕೆಂಡಿಗೆ ನೂರು ಸಲ ಏರಿಳಿಯುತ್ತದೆ. ಶಟರ್ 1/50 ಅಥವಾ 1/100 ಇದ್ದರೆ ಅದು ಗೊತ್ತಾಗುವುದಿಲ್ಲ. ಆದರೆ ಅಗ್ಗದ ಎಲ್‌ಇಡಿಗಳು, ಡಿಮ್ಮರ್‌ಗೆ ಹಾಕಿದವು ಮುಖ್ಯವಾಗಿ, ಬೇರೆಯದೇ ವೇಗದಲ್ಲಿ ಮಿಣುಕಬಹುದು. ಬಿಳಿ ಗೋಡೆಯನ್ನು ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ ನೋಡಿ. ಅಡ್ಡಪಟ್ಟಿಗಳು ಕಂಡರೆ ಬಲ್ಬ್ ಬದಲಿಸಿ.

ಎಕ್ಸ್‌ಪೋಷರ್‌ನಲ್ಲಿ ಎಲ್ಲಕ್ಕಿಂತ ಹಾನಿಯ ಅಭ್ಯಾಸವೆಂದರೆ ನಾಯ್ಸ್‌ಗೆ ಹೆದರಿ ಐಎಸ್‌ಒ ಕಡಿಮೆ ಇಟ್ಟು, ಕತ್ತಲೆಯಾಗಿ ತೆಗೆದು, ಎಡಿಟಿಂಗ್‌ನಲ್ಲಿ ಎತ್ತುವುದು. ಐಎಸ್‌ಒ 3200 ಬೇಕಿದ್ದ ಕಡೆ 800ರಲ್ಲಿ ತೆಗೆದು ಎತ್ತಿದರೆ ನಾಯ್ಸ್ ಕಡಿಮೆಯಾಗುವುದಿಲ್ಲ. ಬಹಳ ಕ್ಯಾಮೆರಾಗಳು 8 ಬಿಟ್‌ನಲ್ಲಿ ಒತ್ತಿ ಉಳಿಸುವುದರಿಂದ ನೆರಳಿನಲ್ಲಿ ಚೌಕಚೌಕ ಕಲೆಗಳೂ ಏಳುತ್ತವೆ. ಕತ್ತಲ ದೃಶ್ಯವನ್ನೂ ಶೇಡ್ ಸುಡದ ಮಟ್ಟಿಗೆ ಸ್ವಲ್ಪ ಬೆಳಕಾಗಿಯೇ ತೆಗೆದು, ಆಮೇಲೆ ಇಳಿಸಿ. ಇಳಿಸುವಾಗ ನಾಯ್ಸ್ ಕಪ್ಪಿನೊಳಗೆ ಅಡಗುತ್ತದೆ. ವೈಟ್ ಬ್ಯಾಲೆನ್ಸ್‌ನಲ್ಲಿ ಹಳದಿಯನ್ನು ಪೂರ್ತಿ ತೊಳೆಯಲು ಹೋಗಬೇಡಿ. ಹಳದಿ ಬೆಳಕಿನಲ್ಲಿ ನೀಲಿ ಮೊದಲೇ ಕಡಿಮೆ, ಅದನ್ನು ಬಲವಂತವಾಗಿ ಎತ್ತಿದಾಗ ನೀಲಿ ಚುಕ್ಕೆಗಳೇ ಮೊದಲು ಕಾಣುವುದು.

ಮನೆಯ ಹೊರಗಿನ ರಾತ್ರಿಗೆ ಈ ಲೆಕ್ಕ ಸಾಲದು. ಜಗಲಿಯ ಬಲ್ಬ್ ಅಂಗಳದ ತೆಂಗಿನಮರದವರೆಗೆ ಮುಟ್ಟುವುದಿಲ್ಲ, ಆಕಾಶಕ್ಕಂತೂ ಯಾವ ದೀಪವೂ ಸಾಲದು. ಅಂಥ ಶಾಟ್‌ಗಳನ್ನು ಸೂರ್ಯ ಮುಳುಗಿ ಕಾಲು ಗಂಟೆಯ ಹೊತ್ತಿಗೆ, ಆಕಾಶ ಇನ್ನೂ ನೀಲಿಯಾಗಿರುವಾಗ, ಜಗಲಿಯ ದೀಪ ಹಚ್ಚಿಟ್ಟುಕೊಂಡು ತೆಗೆಯಬೇಕು. ಆಕಾಶವೂ ದೀಪವೂ ಒಂದೇ ಎಕ್ಸ್‌ಪೋಷರ್‌ಗೆ ಹೊಂದುವ ಹೊತ್ತು ಕೆಲವೇ ನಿಮಿಷ ಇರುತ್ತದೆ, ಆದ್ದರಿಂದ ಕ್ಯಾಮೆರಾ ಅದಕ್ಕೂ ಮೊದಲೇ ಟ್ರೈಪಾಡ್ ಮೇಲೆ ಕೂತಿರಬೇಕು.